ಎರಡೂ ತೂತಿನಲ್ಲಿ ಉರಿದ ಟೆಸ್ಟರ್

ನನ್ನ ಅಪ್ಪನಿಗೆ ಎರಡು ನಂಬಿಕೆಗಳು. ಒಂದು, ಬಿಸಿಲಿಗೆ ಅಂಜುವವರು ರಾಯಚೂರು ಸೀಮೆಯಲ್ಲಿ ಹುಟ್ಟಬಾರದಿತ್ತು. ಎರಡು, ಟೆಸ್ಟರ್ ಸುಳ್ಳು ಹೇಳುವುದಿಲ್ಲ. ದೇವದುರ್ಗದ ಸುತ್ತಿನ ಹಳ್ಳಿಗಳಲ್ಲಿ ಲೈನ್‌ಮ್ಯಾನ್ ಆಗಿ ಕಂಬ ಹತ್ತಿ ಇಳಿದು ನಿವೃತ್ತನಾದವನು ಅವನು. ಬೇರೆಯವರು ಅಂಗಿಯ ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡರೆ ಅಪ್ಪ ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಾನೆ. ನನ್ನ ಮದುವೆಯ ಫೋಟೋದಲ್ಲಿ ಹೊಸ ರೇಷ್ಮೆ ಅಂಗಿಯ ಜೇಬಿನಿಂದಲೂ ಅದರ ಹಳದಿ ತಲೆ ಇಣುಕುತ್ತಿದೆ. ಬೀಗರು ಅದನ್ನು ನೋಡಿ ಏನಂದುಕೊಂಡರೋ, ನಾನು ಕೇಳಲಿಲ್ಲ.

ವಿದ್ಯುತ್ತಿನ ಮೊದಲ ಪಾಠ ಮಗಳಾದ ನನಗೆ ಅವನಿಂದಲೇ ಆಯಿತು. ತಂತಿಯ ತುದಿ ಸುಲಿಯುವುದು ಎಷ್ಟು, ಸುರುಳಿ ಸುತ್ತುವುದು ಯಾವ ದಿಕ್ಕಿಗೆ, ಸ್ಕ್ರೂ ಬಿಗಿದ ಮೇಲೆ ಒಮ್ಮೆ ಎಳೆದು ನೋಡುವುದು ಏಕೆ, ಎಲ್ಲವನ್ನೂ ಒಲೆಯ ಮುಂದೆ ಕೂಡಿಸಿಕೊಂಡು ಕಲಿಸಿದ. ಆಮೇಲೆ ನಾನು ಡಿಪ್ಲೊಮಾ ಮಾಡಿ, ರಾಯಚೂರಿನಲ್ಲಿ ಆಪರೇಷನ್ ಥಿಯೇಟರುಗಳಿಗೆ ಕರೆಂಟಿನ ವ್ಯವಸ್ಥೆ ಮಾಡಿಕೊಡುವ ಒಂದು ಸಣ್ಣ ಕಂಪನಿ ಸೇರಿದೆ. ಆರು ವರ್ಷ ದುಡಿದರೂ ಕೆಲಸ ಮುಗಿದ ಕಾಗದದ ಮೇಲೆ ಹಿರಿಯರೇ ಸಹಿ ಹಾಕುತ್ತಿದ್ದರು. ಹೋದ ವರ್ಷ ಮಾನ್ವಿಯ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯ ಕೆಲಸ ಬಂದಾಗ ಮೊದಲ ಸಲ, "ಇದನ್ನ ನೀನ ನೋಡ್ಕೋ, ಸಹಿನೂ ನಿಂದ" ಅಂದರು. ಆ ವಾರವೆಲ್ಲ ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿಗೂ ಟ್ರಾನ್ಸ್‌ಫಾರ್ಮರ್ ಬಗ್ಗೆ ಹೇಳಿದೆ. ಆಕೆ ನನಗೆ ಎರಡು ಪೇರಲ ಹಣ್ಣು ಕೊಟ್ಟು ಸುಮ್ಮನಿರಿಸಿದಳು.

ಆಸ್ಪತ್ರೆ ನಡೆಸುವವರು ಡಾಕ್ಟರಮ್ಮ. ಅವರ ಗಂಡ ಅಕ್ಕಿ ಗಿರಣಿಯ ಸಾಹುಕಾರರು. ಡಾಕ್ಟರಮ್ಮ ಮಾತು ಕಡಿಮೆ, ಸಾಹುಕಾರರು ಆ ಕೊರತೆಯನ್ನೂ ಸೇರಿಸಿ ತುಂಬಿಕೊಡುವವರು. ಮೊದಲ ದಿನವೇ ಅವರು ನನ್ನ ನಕ್ಷೆ ನೋಡಿ ನಕ್ಕರು.

"ಐದು ಕೆ.ವಿ.ಎ. ಟ್ರಾನ್ಸ್‌ಫಾರ್ಮರೇನ್ರೀ? ನಮ್ಮ ಗಿರಣ್ಯಾಗ ಒಂದು ಮೋಟರ್ ಶುರು ಆಗಾಕ ಇದಕ್ಕಿಂತ ಹೆಚ್ಚು ಬೇಕು. ಇಪ್ಪತ್ತೈದು ಹಾಕ್ರಿ. ದೊಡ್ಡದಿದ್ರ ಚಿಂತಿ ಇರಂಗಿಲ್ಲ."

"ಸಾವ್ಕಾರ್ರೇ, ಇಲ್ಲಿ ಭತ್ತ ಕುಟ್ಟಂಗಿಲ್ರೀ" ಅಂದೆ. ಬಾಯಿಂದ ಬಿದ್ದಮೇಲೆ ನಾಲಿಗೆ ಕಚ್ಚಿಕೊಂಡೆ. ನನ್ನ ನಾಲಿಗೆಗೂ ಒಂದು ಫ್ಯೂಸ್ ಬೇಕು ಎಂದು ಅಪ್ಪ ಯಾವಾಗಲೂ ಅನ್ನುತ್ತಾನೆ.

ಅವರಿಗೆ ಸಿಟ್ಟು ಬರುವ ಮೊದಲೇ ಲೆಕ್ಕಕ್ಕೆ ಕೂತೆ. ಆಪರೇಷನ್ ಟೇಬಲ್ ಮೇಲಿನ ದೊಡ್ಡ ದೀಪಕ್ಕೆ ಇನ್ನೂರು ವ್ಯಾಟ್. ಅರಿವಳಿಕೆ ಯಂತ್ರಕ್ಕೆ ನಾನೂರು. ಎದೆಬಡಿತ ತೋರಿಸುವ ಮಾನಿಟರಿಗೆ ನೂರು. ರಕ್ತ ನಿಲ್ಲಿಸಲು ಸುಡುವ ಕಾಟರಿ ಯಂತ್ರಕ್ಕೆ ಎಂಟುನೂರು. ರಕ್ತ ಹೀರಿ ತೆಗೆಯುವ ಸಕ್ಷನ್ನಿಗೆ ಮುನ್ನೂರು, ಟೇಬಲ್ ಏರಿಸಿ ಇಳಿಸುವುದಕ್ಕೆ ಮುನ್ನೂರು, ಹುಟ್ಟಿದ ಕೂಸನ್ನು ಬೆಚ್ಚಗಿಡುವ ವಾರ್ಮರಿಗೆ ಏಳುನೂರು, ತಾಯಿಯ ಬೆಚ್ಚನೆಯ ಹೊದಿಕೆಗೆ ಆರುನೂರು, ಚಿಲ್ಲರೆ ಪಂಪುಗಳಿಗೆ ನೂರು. ಎಲ್ಲವೂ ಒಂದೇ ಗಳಿಗೆಯಲ್ಲಿ ಪೂರ್ತಿ ಎಳೆದರೂ ಮೂರೂವರೆ ಸಾವಿರ. ನಿಜವಾಗಿ ಹಾಗೆ ಎಳೆಯುವುದೇ ಇಲ್ಲ. ಐದು ಕೆ.ವಿ.ಎ. ಅಂದರೆ ಸುಮಾರು ಐದು ಸಾವಿರ, ಅದರಲ್ಲಿ ನಾಳೆ ತರುವ ಹೊಸ ಯಂತ್ರಕ್ಕೂ ಜಾಗ ಉಳಿಯುತ್ತದೆ. ಏಸಿ, ಉಪಕರಣ ಬೇಯಿಸುವ ಆಟೋಕ್ಲೇವ್, ಎಕ್ಸ್‌ರೇ ಇವೆಲ್ಲ ಭಾರದ ಮಂದಿ. ಅವರಿಗೆ ಬೇರೆ ಲೈನು, ಸೋರಿಕೆಯಾದರೆ ಬೀಳುವ ಬೇರೆ ಬ್ರೇಕರು.

"ಮತ್ತ ದೊಡ್ಡದು ಹಾಕಿದ್ರ ತಪ್ಪೇನು?" ಸಾಹುಕಾರರು ಬಿಡಲಿಲ್ಲ.

ತಪ್ಪಿದೆ. ನಮ್ಮ ಮನೆಗಳಿಗೆ ಬರುವ ಕರೆಂಟಿಗೆ ಭೂಮಿಯೇ ತವರು. ಅದರ ಒಂದು ತಂತಿಯನ್ನು ಎಲ್ಲೋ ನೆಲಕ್ಕೆ ಕಟ್ಟಿರುತ್ತಾರೆ. ಹಾಗಾಗಿ ಇನ್ನೊಂದು ತಂತಿ ಎಲ್ಲಿ ಮನುಷ್ಯನನ್ನು ತಾಗಿದರೂ ಅವನ ಮೈಯ ಮೂಲಕ ತವರಿಗೆ ಓಡುತ್ತದೆ. ಥಿಯೇಟರಿನ ಈ ಟ್ರಾನ್ಸ್‌ಫಾರ್ಮರ್ ಒಳಗೆ ಎರಡು ಸುರುಳಿ, ಒಂದಕ್ಕೊಂದು ತಾಗದೆ ಕರೆಂಟು ದಾಟಿಸುತ್ತವೆ. ಈಚೆಗೆ ಬಂದ ಎರಡು ತಂತಿಗಳಲ್ಲಿ ಯಾವುದನ್ನೂ ನೆಲಕ್ಕೆ ಕಟ್ಟುವುದಿಲ್ಲ. ಯಂತ್ರಗಳ ಮೈಗೆ ಮಾತ್ರ ಅರ್ಥಿಂಗ್ ಇರುತ್ತದೆ. ಒಂದು ತಂತಿ ಎಲ್ಲೋ ತಾಗಿದರೂ ಕರೆಂಟಿಗೆ ಮರಳುವ ದಾರಿ ಇಲ್ಲ, ಹರಿದರೆ ಕೂದಲೆಳೆಯಷ್ಟು ಸೋರಿಕೆ. ಟ್ರಾನ್ಸ್‌ಫಾರ್ಮರ್ ದೊಡ್ಡದಾದಷ್ಟೂ, ತಂತಿ ಉದ್ದವಾದಷ್ಟೂ ಆ ಕೂದಲೆಳೆ ದಪ್ಪವಾಗುತ್ತದೆ. ಅದಕ್ಕೇ ಹತ್ತು ಕೆ.ವಿ.ಎ. ದಾಟಬಾರದು ಎಂಬ ಕಟ್ಟಳೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಡಾಕ್ಟರಮ್ಮ ಮೊದಲ ಸಲ ಬಾಯಿ ಬಿಟ್ಟರು, "ಐದೇ ಹಾಕ್ರಿ."

ಆಮೇಲೆ ಅಲಾರಾಂ ಎಲ್ಲಿರಬೇಕೆಂಬ ಜಗಳ. ಎರಡು ತಂತಿಗೂ ನೆಲಕ್ಕೂ ನಡುವೆ ತಡೆ ಎಷ್ಟಿದೆ ಎಂದು ಒಂದು ಉಪಕರಣ ಸದಾ ಅಳೆಯುತ್ತಿರುತ್ತದೆ. ಎಲ್ಲ ಸರಿಯಿದ್ದರೆ ಹಸಿರು ದೀಪ. ತಡೆ ಐವತ್ತು ಸಾವಿರ ಓಮಿಗೆ ಇಳಿದರೆ ಹಳದಿ ದೀಪ, ಜೊತೆಗೆ ಕೂಗು. ಕೂಗನ್ನು ಗುಂಡಿ ಒತ್ತಿ ನಿಲ್ಲಿಸಬಹುದು. ಹಳದಿ ದೀಪವನ್ನು ಯಾರೂ ಆರಿಸಲಾಗದು, ದೋಷ ಹೋದರೆ ಮಾತ್ರ ಅದೇ ಹೋಗುತ್ತದೆ. ಭಾರ ಹೆಚ್ಚಾದರೂ, ಟ್ರಾನ್ಸ್‌ಫಾರ್ಮರ್ ಕಾದರೂ ಅದು ಹೇಳುತ್ತದೆಯೇ ಹೊರತು ನಡು ಆಪರೇಷನ್ನಿನಲ್ಲಿ ಲೈನ್ ಕಡಿದು ಕತ್ತಲೆ ಮಾಡುವುದಿಲ್ಲ. ಸಾಹುಕಾರರಿಗೆ ಇದು ಬಲು ಹಿಡಿಸಿತು. ಗಿರಣಿಯ ಸೈರನ್ನಿನಂತೆ ಮಾಳಿಗೆಯ ಮೇಲೆ ಇಡೋಣ, ಮಾನ್ವಿಗೆಲ್ಲ ಕೇಳಲಿ ಅಂದರು. ಮೂವತ್ತು ವರ್ಷ ಥಿಯೇಟರಿನಲ್ಲೇ ಕಳೆದ ಹಿರಿಯ ಸಿಸ್ಟರ್ ಅವರನ್ನು ಕನ್ನಡಕದ ಮೇಲಿಂದ ನೋಡಿದರು. ಕೊನೆಗೆ ಒಂದು ಫಲಕ ಥಿಯೇಟರಿನೊಳಗೆ ಸಿಸ್ಟರ್ ನಿಲ್ಲುವ ಜಾಗದ ಎದುರಿಗೆ, ಅದರದೇ ಇನ್ನೊಂದು ಪ್ರತಿ ಕೆಳಗಿನ ನರ್ಸುಗಳ ಟೇಬಲ್ ಹತ್ತಿರ ಎಂದು ನಿಶ್ಚಯವಾಯಿತು. ಅಲ್ಲಿ ಹಗಲೂ ಇರುಳೂ ಯಾರಾದರೊಬ್ಬರು ಇದ್ದೇ ಇರುತ್ತಾರೆ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಸಿಸೇರಿಯನ್ ಎಂದು ಗೊತ್ತಾದ ದಿನ, ನಾನು ಎಲ್ಲ ಗೋಡೆಗಳ ಲೈನನ್ನೂ ಸೋರಿಕೆ ಪತ್ತೆಹಚ್ಚುವ ಮೆಗ್ಗರ್ ಹಾಕಿ ಅಳೆದೆ. ಒಂದಕ್ಕಿಂತ ಒಂದು ಚೊಕ್ಕ. ಹಸಿರು ದೀಪ ಉರಿಯಿತು. ಸಂತೋಷಕ್ಕೆ ಖಾಲಿ ಥಿಯೇಟರಿನಲ್ಲಿ ಒಂದು ಸುತ್ತು ತಿರುಗಿ, ಯಾರೂ ನೋಡಲಿಲ್ಲವಲ್ಲ ಎಂದು ಬಾಗಿಲ ಕಡೆ ನೋಡಿದರೆ ಅಲ್ಲಿ ಅಪ್ಪ ನಿಂತಿದ್ದ. ಕೈಯಲ್ಲಿ ಬುತ್ತಿ. ದೇವದುರ್ಗದಿಂದ ಬಸ್ ಹತ್ತಿ, ಸಿರವಾರದಲ್ಲಿ ಬದಲಿಸಿ, ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಂದಿದ್ದ.

"ಕುಣೀ ಕುಣೀ. ನಾ ಏನೂ ನೋಡಿಲ್ಲ" ಅಂದ.

ಥಿಯೇಟರ್ ಇನ್ನೂ ತೊಳೆದಿರಲಿಲ್ಲ, ಚಪ್ಪಲಿ ಬಿಟ್ಟು ಬಂದರೆ ಅಡ್ಡಿಯಿರಲಿಲ್ಲ. ಅಪ್ಪನಿಗೆ ಎಲ್ಲವನ್ನೂ ಮುಟ್ಟಿಸಿ ತೋರಿಸಿದೆ. ಆದರೆ ಹೇಳಲೇಬೇಕಾದದ್ದನ್ನು ಹೇಳಲಿಲ್ಲ. ಅಪ್ಪನಿಗೆ ಗೊತ್ತಿಲ್ಲದ ಕರೆಂಟು ಇರಬಹುದೆಂದು ನನಗೆ ಹೊಳೆಯಲೇ ಇಲ್ಲ. "ಇಲ್ಲೇ ಕೂತಿರು, ಕೆಳಗ ಸಿಸ್ಟರ್‌ಗೆ ಅಲಾರಾಂ ತೋರಿಸಿ ಬರ್ತೀನಿ, ಕೂಡಿ ಉಣ್ಣೋಣು" ಎಂದು ಇಳಿದು ಹೋದೆ.

ಕೆಳಗೆ ಸಿಸ್ಟರ್ ಮುಂದೆ ನನ್ನ ಭಾಷಣ ಶುರುವಾಯಿತು. ನಡುವೆ ಫಲಕದ ಹಸಿರು ದೀಪ ಆರಿ, ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಕರೆಂಟು ಹೋಗಿ ಬಂದಿರಬೇಕು ಅಂದುಕೊಂಡೆ. ಫ್ಯಾನ್ ತಿರುಗುತ್ತಲೇ ಇದ್ದುದನ್ನು ನನ್ನ ಕಣ್ಣು ನೋಡಿತು, ತಲೆ ನೋಡಲಿಲ್ಲ. "ಏನರ ದೋಷ ಬಂತಂದ್ರ ಇದು ಹಿಂಗ ಕೂಗ್ತದ್ರೀ" ಎನ್ನುತ್ತಿದ್ದಂತೆ ಅದು ನಿಜವಾಗಿಯೂ ಕೂಗಿತು. ಹಳದಿ ದೀಪ ಹೊತ್ತಿತು.

"ಭಾಳ ಛಂದ ಕೂಗ್ತದ" ಅಂದರು ಸಿಸ್ಟರ್.

ನಾನು ಬೀಗಿದೆ. ಮೇಲೆ ಅಪ್ಪ ಅಲಾರಾಂ ಕೂಗಿಸಿ ನೋಡುವ ಟೆಸ್ಟ್ ಗುಂಡಿ ಒತ್ತಿರಬೇಕು, ಬಿಟ್ಟಾಗ ಹಸಿರಾಗುತ್ತದೆ ಎಂದುಕೊಂಡು ಕಾದೆ. ಕಾದೆ. ಹಸಿರಾಗಲಿಲ್ಲ.

ಓಡಿ ಮೇಲೆ ಹೋದರೆ ಅಪ್ಪ ಅಲ್ಲಿರಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಬೆಂಚಿನ ಮೇಲೆ ಕೂತು ಬಸುರಿ ಹೆಂಗಸರ ಅತ್ತೆಯರಿಗೆ ಮಗಳ ಗುಣಗಾನ ಮಾಡುತ್ತಿದ್ದ. ಕಿಟಕಿಯಿಂದ ಕಂಡಿತು. ನಾನು ಕೂಗು ನಿಲ್ಲಿಸುವ ಗುಂಡಿ ಒತ್ತಿ ಹುಡುಕಲು ಶುರು ಮಾಡಿದೆ. ಮೊದಲು ಕಾಟರಿ ಯಂತ್ರದ ಪ್ಲಗ್ ಕಿತ್ತೆ, ಏಕೆಂದರೆ ಥಿಯೇಟರಿನಲ್ಲಿ ಏನೇ ಕೆಟ್ಟರೂ ಅಪವಾದ ಮೊದಲು ಅದಕ್ಕೇ. ಹಳದಿ. ಸಕ್ಷನ್ ಕಿತ್ತೆ. ಹಳದಿ. ವಾರ್ಮರ್, ಮಾನಿಟರ್, ಟೇಬಲ್, ಎಲ್ಲ ಕಿತ್ತೆ. ಹಳದಿ. ಅಳೆಯುವ ಉಪಕರಣವೇ ಕೆಟ್ಟಿತೆಂದು ಅದನ್ನು ಮಾಡಿದ ಕಂಪನಿಗೆ ಫೋನ್ ಮಾಡಿ ಅರ್ಧ ಗಂಟೆ ಜಗಳವಾಡಿದೆ. ಗೋಡೆ ಒರೆಸಿದ ಆಯಾಗೂ ಬೈದೆ. ಆಮೇಲೆ ಆಕೆಗೆ ಕ್ಷಮೆ ಕೇಳಿ ಒಂದು ರೊಟ್ಟಿ ಕೊಟ್ಟೆ. ಬೆಳಿಗ್ಗೆ ನಾನೇ ಅಳೆದ ಲೈನುಗಳ ಮೇಲೆ ಮಾತ್ರ ನನಗೆ ಅನುಮಾನವೇ ಬರಲಿಲ್ಲ. ನನ್ನ ಸಹಿ ಇರುವ ಕೆಲಸದಲ್ಲಿ ದೋಷವೇ?

ನಾಲ್ಕು ಗಂಟೆಗೆ ಡಾಕ್ಟರಮ್ಮ ಬಂದರು. ಯಂತ್ರಗಳನ್ನು ಹಾಕಿಸಿ ನೋಡಿದರು. ಎಲ್ಲವೂ ಓಡಿದವು.

"ಎಲ್ಲಾ ನಡ್ಯಾಕತ್ತಾವಲ್ಲ. ಮತ್ತ ಇದ್ಯಾಕ ಹಳದಿ?"

"ಒಂದು ದೋಷ ಬಂದ್ರ ಏನೂ ನಿಲ್ಲಂಗಿಲ್ರೀ ಮೇಡಂ. ಅದಕ್ಕೇ ಇದನ್ನ ಹಾಕೋದು."

"ನೋಡವಾ, ಆರಕ್ಕ ಥಿಯೇಟರ್ ತೊಳೆದು ಕ್ರಿಮಿ ಸಾಯೂ ಹೊಗಿ ಹಾಕ್ತಾರ. ಅಷ್ಟ್ರಾಗ ಹಸರ ಆಗಲಿಲ್ಲಂದ್ರ ನಾ ನಮ್ಮ ಎಲೆಕ್ಟ್ರಿಶಿಯನ್‌ಗೆ ಹೇಳಿ ಗೋಡೆಗೆ ಸಾದಾ ಲೈನ್ ಕೊಡಿಸ್ತೀನಿ. ನಾಳೆ ಪೇಷಂಟ್ ಮುಂದ ನಾ ಆ ಹಳದಿ ದೀಪ ನೋಡ್ಕೋತ ಚಾಕು ಹಿಡ್ಯಂಗಿಲ್ಲ."

ಸಾದಾ ಲೈನ್ ಕೊಟ್ಟರೆ ಮುಗಿಯಿತು. ಟ್ರಾನ್ಸ್‌ಫಾರ್ಮರ್ ಮೂಲೆಯಲ್ಲಿ ಕೂರುತ್ತದೆ, ನನ್ನ ಸಹಿ ಅದರ ಮೇಲೆ ಧೂಳು ತಿನ್ನುತ್ತದೆ. ಅದಕ್ಕಿಂತ ಹೆಚ್ಚಾಗಿ, ನಾಳೆ ಒದ್ದೆ ನೆಲದ ನಡುವೆ ಮೈ ತೆರೆದು ಮಲಗುವ ಆ ತಾಯಿ, ಮನೆಯ ಮಿಕ್ಸರಿಗೆ ಬರುವ ಕರೆಂಟಿನ ಪಕ್ಕದಲ್ಲಿ ಮಲಗುತ್ತಾಳೆ. ನನಗೆ ಅಳು ಬಂತು. ಸಿಟ್ಟಿನ ಅಳು.

ಆಗ ಸಿಸ್ಟರ್ ಮೆಲ್ಲಗೆ ಕೇಳಿದರು, "ಯವ್ವಾ, ಮಷಿನ್ ಎಲ್ಲಾ ತೆಗೆದಿ. ಗೋಡಿ ಒಂದೊಂದು ಬಂದ್ ಮಾಡಿ ನೋಡಿದೇನು?"

ಕೆನ್ನೆಗೆ ಹೊಡೆದಂತಾಯಿತು. ಮೊದಲ ವರ್ಷದ ಪಾಠ ಅದು. ಪ್ರತಿ ಗೋಡೆಗೂ ಎರಡು ತಂತಿಯನ್ನೂ ಒಟ್ಟಿಗೆ ಕಡಿಯುವ ಬ್ರೇಕರ್ ಇದೆ. ಒಂದನೆಯದನ್ನು ಇಳಿಸಿದೆ, ಹಳದಿ. ಎರಡನೆಯದು, ಹಳದಿ. ಮೂರನೆಯದನ್ನು ಇಳಿಸಿ ಎರಡು ಮೂರು ಸೆಕೆಂಡು ಕಳೆದವು, ಹಸಿರು. ಆ ಗೋಡೆಯ ಸಾಕೆಟ್ಟುಗಳನ್ನು ಬಿಚ್ಚುತ್ತಾ ಹೋದೆ. ಎರಡನೆಯದರ ಹಿಂದೆ, ಎಡಗಡೆಯ ತಂತಿಯ ಸ್ಕ್ರೂವಿನಿಂದ ಅರ್ಥಿಂಗ್ ಸ್ಕ್ರೂವಿಗೆ ಗೇಣಿಗಿಂತ ಚಿಕ್ಕದಾದ ಒಂದು ತಂತಿ ತುಂಡು.

ಎಷ್ಟು ಅಂದವಾಗಿತ್ತು ಆ ಕೆಲಸ. ತುದಿ ಬೇಕಾದಷ್ಟೇ ಸುಲಿದಿದ್ದು, ಸುರುಳಿ ಸ್ಕ್ರೂ ಬಿಗಿಯುವ ದಿಕ್ಕಿಗೇ ಸುತ್ತಿದ್ದು, ಒಂದು ಎಳೆಯೂ ಹೊರಗೆ ಚಾಚಿರಲಿಲ್ಲ. ಕೈಬರಹ ನೋಡಿದ ಹಾಗೆ ಗುರುತು ಸಿಕ್ಕಿತು. ನನ್ನ ಕೈಯೂ ಹಾಗೆಯೇ ಸುತ್ತುತ್ತದೆ, ಒಲೆಯ ಮುಂದೆ ಕಲಿತದ್ದು.

ತುಂಡನ್ನು ಹಿಡಿದು ಬೇವಿನ ಮರದ ಕೆಳಗೆ ಹೋದೆ. "ಯಪ್ಪಾ, ಇದೇನು?"

ಅಪ್ಪನ ಮುಖ ಅರಳಿತು. "ನೋಡಿದೇನು? ನಿನಗ ಹೇಳಿದ್ರ ಮಂದ್ಯಾಗ ಸಣ್ಣಾಕಿ ಆಗ್ತೀ ಅಂತ ಸುಮ್ನಾದೆ. ಟೆಸ್ಟರ್ ಹಚ್ಚಿ ನೋಡಿದೆ, ಎರಡೂ ತೂತಿನ್ಯಾಗ ಸಣ್ಣಗ ಉರೀತು. ನ್ಯೂಟ್ರಲ್ ಹೋಗಿಬಿಟ್ಟದ ಅಂತ ಗೊತ್ತಾತು. ಮೇನ್ ಬಂದ್ ಮಾಡಿ, ಅರ್ಥಿಗೆ ಕೊಟ್ಟು, ಚಾಲು ಮಾಡಿದೆ. ಆ ಡಬ್ಬಿ ಕೂಗಿತು, ಕರೆಂಟ್ ಬಂತಂತ ಕೂಗ್ತದ ಅಂದ್ಕೊಂಡೆ. ಈಗ ಒಂದ ತೂತಿನ್ಯಾಗ ಉರೀತದ, ಝಗ್ ಅಂತ. ಚಿಂತಿ ಮಾಡಬ್ಯಾಡ."

ನಾನು ಬೈಯಬೇಕೆಂದು ಬಾಯಿ ತೆರೆದವಳು ನಗಲು ಶುರು ಮಾಡಿದೆ. ನಿಲ್ಲಿಸಲಾಗಲಿಲ್ಲ. ಬೆಂಚಿನ ಅತ್ತೆಯರೂ ಏನೆಂದು ತಿಳಿಯದೆ ನಕ್ಕರು. ನ್ಯೂಟ್ರಲ್ ಹೋದ ಎಷ್ಟು ಮನೆಗಳಲ್ಲಿ ಅಪ್ಪ ಹೀಗೇ ಅರ್ಥಿಗೆ ಕೊಟ್ಟು ದೀಪ ಹಚ್ಚಿದ್ದಾನೋ. ಯಾವ ತಂತಿಯೂ ನೆಲಕ್ಕೆ ಸೇರದ ಈ ಒಂದೇ ಕೋಣೆಯಲ್ಲಿ ಎರಡೂ ತಂತಿ ನೆಲದಿಂದ ಅರ್ಧರ್ಧ ದೂರ ತೇಲುತ್ತವೆ, ಟೆಸ್ಟರ್ ಎರಡರಲ್ಲೂ ಮಂಕಾಗಿ ಉರಿಯುತ್ತದೆ. ಅವನಿಗೆ ಅದು ರೋಗ, ಇಲ್ಲಿ ಅದೇ ಆರೋಗ್ಯ.

ಅವನನ್ನು ಮೇಲೆ ಕರೆದೊಯ್ದು ಎಲ್ಲ ಹೇಳಿದೆ. ಆ ಗೋಡೆಯನ್ನು ಮತ್ತೆ ಅಳೆದು ಬ್ರೇಕರ್ ಏರಿಸಿದೆ. ಹಸಿರು. ಟೆಸ್ಟ್ ಗುಂಡಿ ಒತ್ತಿದೆ, ಹಳದಿ. ಬಿಟ್ಟೆ, ಹಸಿರು. ಅಷ್ಟರಲ್ಲಿ ಡಾಕ್ಟರಮ್ಮ, ಸಾಹುಕಾರರು ಇಬ್ಬರೂ ಬಂದರು. ಏನಾಗಿತ್ತು ಎಂದರು. ನಾನು ಒಂದು ಸುಳ್ಳು ಹುಡುಕುತ್ತಿದ್ದೆ, ಸಡಿಲ ಸ್ಕ್ರೂ ಅಂತಲೋ ಏನೋ. ಅಪ್ಪ ಟೊಪ್ಪಿಗೆ ತೆಗೆದು ಮುಂದೆ ಬಂದ.

"ನಾ ಮಾಡಿದ್ದು ರೀ. ಲೈನ್‌ಮ್ಯಾನ್ ಇದ್ದೆ, ಜೀವನ ಪೂರ್ತಿ. ನನ್ನ ಮಗಳ ಕೆಲಸ ಸರಿ ಮಾಡಾಕ ಹೋಗಿ ಕೆಡಿಸಿದೆ. ಆಕಿದು ತಪ್ಪಿಲ್ಲ."

ಡಾಕ್ಟರಮ್ಮ ತಂತಿ ತುಂಡನ್ನು ತಿರುಗಿಸಿ ನೋಡಿದರು. "ಇದು ಹಂಗ ಇದ್ದಿದ್ರ ನಾಳೆ ಏನಾಗ್ತಿತ್ತು?"

"ಏನೂ ಗೊತ್ತಾಗ್ತಿದ್ದಿಲ್ಲ ಮೇಡಂ. ಸಾದಾ ಲೈನ್ ಆಗಿರ್ತಿತ್ತು, ಅಷ್ಟ. ಆಮ್ಯಾಲ ಇನ್ನೊಂದು ತಂತಿ ಯಾವುದಾರ ಮಷಿನ್ ಮೈಗೆ ತಾಗಿದ್ರ ಬ್ರೇಕರ್ ಬಿದ್ದು ಆ ಗೋಡಿ ಎಲ್ಲಾ ಬಂದ್. ಮನಶ್ಯಾಗ ತಾಗಿದ್ರ..."

"ಅಂದ್ರ ಇಷ್ಟು ಅನುಭವ ಇದ್ದ ಲೈನ್‌ಮ್ಯಾನನ ಕೈಯನ್ನ ಇದು ಒಂದ ಗಳಿಗ್ಯಾಗ ಹಿಡಿದು ಕೊಡ್ತು" ಅಂದರು ಡಾಕ್ಟರಮ್ಮ. ಸಿಸ್ಟರ್ ಕಡೆ ತಿರುಗಿ, "ಹೊಗಿ ಹಾಕಿಸ್ರಿ. ಲೈನ್ ಹಂಗ ಇರಲಿ." ಸಾಹುಕಾರರು ಅಪ್ಪನ ಬೆನ್ನು ತಟ್ಟಿ ಚಹಾಕ್ಕೆ ಕರೆದೊಯ್ದರು. ಇಬ್ಬರಿಗೂ ದೊಡ್ಡ ಟ್ರಾನ್ಸ್‌ಫಾರ್ಮರ್ ಬಗ್ಗೆ ಒಂದೇ ಅಭಿಪ್ರಾಯವಿತ್ತು.

ಸಂಜೆ ಬೆಂಚಿನ ಮೇಲೆ ಕೊನೆಗೂ ಬುತ್ತಿಯ ಮುಂದೆ ಕೂತೆವು. ಅಪ್ಪ ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡಿದ್ದ.

"ಆ ಖೋಲ್ಯಾಗ ಒಬ್ಬಾಂವ ಒಂದು ತಂತಿ ಮುಟ್ಟಿದ್ರ, ಕಾಲು ಹಸಿ ನೆಲದ ಮ್ಯಾಲ ಇದ್ರೂ, ಬದುಕ್ತಾನ?"

"ಮುಟ್ಟಬಾರದು ಯಪ್ಪಾ. ಆದರ ಬದುಕ್ತಾನ."

ಅವನು ಯಾರನ್ನು ನೆನೆದನೆಂದು ನನಗೆ ಗೊತ್ತು. ಮಸರಕಲ್ ಹತ್ತಿರದ ಒಂದು ಹೊಲದಲ್ಲಿ, ಪಂಪಿನ ಪೆಟ್ಟಿಗೆಗೆ ಕೈ ಹಾಕಿದ ಜೊತೆಗಾರ ಅಪ್ಪನ ಕಣ್ಣ ಮುಂದೆಯೇ ಹೋದ. ಕೆಸರಿನಲ್ಲಿ ನಿಂತಿದ್ದನಂತೆ. ಆ ರಾತ್ರಿಯಿಂದಲೇ ಅಪ್ಪ ನನಗೆ ತಂತಿ ಸುತ್ತುವುದನ್ನು ಕಲಿಸಲು ಶುರು ಮಾಡಿದ್ದು. ಹೊಲಕ್ಕೆ ಇಂಥದ್ದನ್ನು ಯಾರೂ ಹಾಕುವುದಿಲ್ಲ. ಅವನಿಗೂ ಗೊತ್ತಿತ್ತು. "ಒಂದಾರ ಖೋಲಿ ಅದ ಅಲ್ಲ ಹಂತಾದ್ದು" ಎಂದು ರೊಟ್ಟಿ ತಿಂದ.

ಊರಿಗೆ ಹೋಗು ಎಂದರೂ ಹೋಗಲಿಲ್ಲ. ಮರುದಿನ ಬೆಳಿಗ್ಗೆ ನರ್ಸುಗಳ ಟೇಬಲ್ ಮುಂದೆ ಕುರ್ಚಿ ಹಾಕಿಸಿಕೊಂಡು, ಹಸಿರು ದೀಪದಿಂದ ಕಣ್ಣು ಕೀಳದೆ ಕೂತ. ಮಾತಾಡಿಸಿದರೆ ಕೈ ಎತ್ತಿ ಸುಮ್ಮನಿರು ಎನ್ನುತ್ತಿದ್ದ. ಒಂಬತ್ತೂವರೆಯ ಸುಮಾರಿಗೆ ಮೇಲಿನಿಂದ ಚೀರುವ ಸದ್ದು ಬಂತು. ಅಪ್ಪ ದಡಬಡಿಸಿ ಎದ್ದು ಫಲಕದ ಗುಂಡಿಗೆ ಕೈ ಹಾಕಿದ. ದೀಪ ಹಸಿರೇ ಇತ್ತು.

"ಹಸರ ಅದಲ್ಲ ಬೇ. ಮತ್ತ ಕೂಗಾಕತ್ತದ?"

"ಯಪ್ಪಾ, ಅದು ಕೂಸ್ರೀ" ಎಂದಳು ಟೇಬಲ್ಲಿನ ನರ್ಸ್. "ಅದನ್ನ ಬಂದ್ ಮಾಡಾಕ ಗುಂಡಿ ಇಲ್ಲ."

ಅಪ್ಪ ಕುರ್ಚಿಯಲ್ಲಿ ಕುಸಿದು ನಕ್ಕ. ಕಣ್ಣು ಒರೆಸಿಕೊಂಡ, ಮತ್ತೆ ನಕ್ಕ. ನಾನು ಅವನ ಹೆಗಲ ಮೇಲೆ ತಲೆಯಿಟ್ಟು ನಕ್ಕೆ, ಅತ್ತೆ, ಎರಡೂ ಕೂಡಿಯೇ ಆದವು. ಆಮೇಲೆ ಅವನು ಜೇಬಿನಿಂದ ಟೆಸ್ಟರ್ ತೆಗೆದು ನನ್ನ ಕೈಗಿಟ್ಟ.

"ಇಲ್ಲಿ ಇರೂ ಮಟಾ ನೀನ ಇಟ್ಕೋ. ನನ್ನ ಕೈಗೆ ಕೊಡಬ್ಯಾಡ."

ಬಸ್ ಹತ್ತುವಾಗ ಮರಳಿ ಕೊಟ್ಟೆ. ಜೇಬಿಗೆ ಸಿಕ್ಕಿಸಿಕೊಂಡು, ಕಿಟಕಿಯಿಂದ ಕೈ ಚಾಚಿ, ನನ್ನ ಸಹಿ ಇರುವ ಕಾಗದದ ಒಂದು ಝೆರಾಕ್ಸ್ ಕೇಳಿದ. ಅದು ಈಗ ದೇವದುರ್ಗದ ಮನೆಯ ಗೋಡೆಯ ಮೇಲೆ, ಮೀಟರಿನ ಪಕ್ಕದಲ್ಲಿ ಅಂಟಿದೆ.